ಅಂಚಿನಲ್ಲಿ ಬರೆದ ಲೆಕ್ಕ: ಮನೆಯ ಅಡುಗೆ ಚೀಟಿಗಳನ್ನು ಓದುವ ಕ್ರಮ

(ಗಡಿನಾಡಿನ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಮಡಕಶಿರ ಸೀಮೆಯ ಒಂದು ಕನ್ನಡ ಶಾಲೆಯ ಆರನೆಯ ತರಗತಿಯನ್ನು ಉದಾಹರಣೆಯಾಗಿ ಭಾವಿಸಿಕೊಳ್ಳಬಹುದು. ಮನೆಯಲ್ಲಿರುವ ಯಾವುದಾದರೂ ಹಳೆಯ ಕೈಬರಹವನ್ನು ನಕಲು ಮಾಡಿ ತರುವಂತೆ ಶಿಕ್ಷಕರು ಮಕ್ಕಳಿಗೆ ಹೇಳಿದ್ದಾರೆ. ಒಬ್ಬ ಹುಡುಗಿ ತನ್ನ ಅಜ್ಜಿಯ ಚಕ್ಕುಲಿ ಚೀಟಿಯನ್ನು ನಕಲು ಮಾಡಿ ತಂದಿದ್ದಾಳೆ. ಅದು ಯಾರದೋ ಮದುವೆಯ ಆಮಂತ್ರಣ ಪತ್ರಿಕೆಯ ಖಾಲಿ ಬೆನ್ನಿನ ಮೇಲೆ ಬರೆದದ್ದು. ಹುಡುಗಿ ಎದ್ದು ನಿಂತು ಓದುತ್ತಾಳೆ: "ಅಕ್ಕಿ ಒಂದು ಸೇರು, ಉಪ್ಪು ಒಂದು ಸೇರು, ಬೆಲ್ಲ ಎರಡು ಚಮಚ, ಎಣ್ಣೆ ಎರಡು ಚಮಚ, ಉಪ್ಪು ನೂರ ಹನ್ನೊಂದು ಚಮಚ." ತರಗತಿ ನಗುತ್ತದೆ. ಶಿಕ್ಷಕರೂ ಮುಗುಳ್ನಕ್ಕು, ನೂರ ಹನ್ನೊಂದನ್ನು ಕೆಂಪು ಶಾಯಿಯಲ್ಲಿ ಹೊಡೆದು 'ಒಂದು' ಎಂದು ತಿದ್ದುತ್ತಾರೆ. ಉಪ್ಪು ಎರಡು ಸಲ ಬಂದಿದೆ ಎಂದು ಮೊದಲನೆಯದನ್ನೂ ಹೊಡೆಯುತ್ತಾರೆ.

ಹುಡುಗಿ ಓದಿದ್ದು ತಪ್ಪು. ಶಿಕ್ಷಕರು ತಿದ್ದಿದ್ದೂ ತಪ್ಪು. ಅಜ್ಜಿ ಬರೆದದ್ದು ಮಾತ್ರ ಸರಿ. ಆದರೆ ಅಜ್ಜಿಗೆ ಲೆಕ್ಕ ಬರುತ್ತಿರಲಿಲ್ಲ, ಕನ್ನಡವನ್ನೂ ನೆಟ್ಟಗೆ ಬರೆಯಲು ಬರುತ್ತಿರಲಿಲ್ಲ ಎಂಬ ತಿಳಿವಳಿಕೆಯೊಂದನ್ನು ಹೊತ್ತು ಆ ಮಗು ಮನೆಗೆ ಹೋಗುತ್ತದೆ. ಗಡಿಯಾಚೆಯ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಕನ್ನಡದ ಕೈಬರಹವೆಂದು ಉಳಿದಿರುವುದು ಇಂಥ ಚೀಟಿ, ಲೆಕ್ಕದ ಪುಸ್ತಕ ಮತ್ತು ಕಾಗದಗಳಷ್ಟೇ. ಅವುಗಳಲ್ಲೊಂದನ್ನು ಶಾಲೆಯೇ ತಪ್ಪೆಂದು ಹೊಡೆದುಹಾಕಿದರೆ ಮಗು ಮತ್ತೊಂದನ್ನು ತರುವುದಿಲ್ಲ. ಆದುದರಿಂದ ಇಂಥ ಚೀಟಿಯನ್ನು ಓದುವ ಕ್ರಮವನ್ನು ಶಿಕ್ಷಕರು ಮೊದಲು ತಿಳಿದಿರಬೇಕು. ಇಂದಿನ ವಿಷಯ ಅಷ್ಟೇ.

ಚೀಟಿಯಲ್ಲಿ ಇದ್ದದ್ದು

ಆ ಚೀಟಿಯ ಬಲಭಾಗದಲ್ಲಿ ಒಂದರ ಕೆಳಗೊಂದು ಹೀಗೆ ಬರೆದಿದೆ:

ಚಕ್ಕುಲಿ
ಅ. ೧ ಸೇ.
ಉ. ೦। ಸೇ.
ಬೆ. ೨ ಚ.
ಎ. ೨ ಚ.
ಉ. ೧॥ ಚ.
ಇಂ. ೪ ಆ.

ಎಡ ಅಂಚಿನಲ್ಲಿ, ಬೇರೆ ಶಾಯಿಯಲ್ಲಿ, ಕಾಗದವನ್ನು ಅಡ್ಡಲಾಗಿ ಹಿಡಿದು ಬರೆದಂತೆ ಇನ್ನೊಂದು ಸಾಲಿದೆ:

ನಾಮಕರಣಕ್ಕೆ ೩ ಸೇ. — ಉ. ೦॥। ಸೇ., ಬೆ. ೧॥ ಪಾ., ಉ. ೪ ಚ.

ಹುಡುಗಿ ಈ ಅಂಚಿನ ಸಾಲನ್ನು ನಕಲು ಮಾಡಿರಲಿಲ್ಲ. ಅದು ಗೀಚಿದಂತೆ ಕಂಡದ್ದರಿಂದ ಬಿಟ್ಟಿದ್ದಳು. ಇಡೀ ಚೀಟಿಯ ಬೀಗದ ಕೈ ಇರುವುದು ಆ ಸಾಲಿನಲ್ಲಿಯೇ ಎಂಬುದು ಮುಂದೆ ತಿಳಿಯುತ್ತದೆ.

ನಿಂತ ಗೀಟುಗಳು

ಮೊದಲು ಅಂಕಿಯ ಪಕ್ಕದ ನಿಂತ ಗೀಟುಗಳನ್ನು ನೋಡಬೇಕು. ಇವು ಒಂದು ಎಂಬ ಅಂಕಿಗಳಲ್ಲ, ವಾಕ್ಯದ ಕೊನೆಯ ದಂಡಗಳೂ ಅಲ್ಲ. ಹಳೆಯ ಕನ್ನಡ ಲೆಕ್ಕಗಳಲ್ಲಿ ಒಂದು ನಿಂತ ಗೀಟು ಎಂದರೆ ಕಾಲು, ಎರಡು ಎಂದರೆ ಅರೆ, ಮೂರು ಎಂದರೆ ಮುಕ್ಕಾಲು. ಪೂರ್ಣಾಂಕವಿದ್ದರೆ ಅದರ ಬಲಕ್ಕೆ ಗೀಟು ಬರುತ್ತದೆ. ೧। ಎಂದರೆ ಒಂದೂಕಾಲು, ೧॥ ಎಂದರೆ ಒಂದೂವರೆ, ೧॥। ಎಂದರೆ ಒಂದೂಮುಕ್ಕಾಲು. ಪೂರ್ಣಾಂಕವಿಲ್ಲದಾಗ ಕೆಲವರು ಗೀಟನ್ನಷ್ಟೇ ಹಾಕುತ್ತಿದ್ದರು. ಕೆಲವರು, ಈ ಅಜ್ಜಿಯಂತೆ, ಎಡಕ್ಕೊಂದು ಸೊನ್ನೆ ಇಟ್ಟು ೦। ಎಂದು ಬರೆಯುತ್ತಿದ್ದರು. ಗೀಟು ತಪ್ಪಿ ಬಿದ್ದದ್ದಲ್ಲ, ಬೇಕೆಂದೇ ಹಾಕಿದ್ದು ಎಂಬುದನ್ನು ಆ ಸೊನ್ನೆ ತೋರಿಸುತ್ತದೆ.

ಈ ಪದ್ಧತಿ ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ಮೋಡಿ ಲಿಪಿಯ ಮರಾಠಿ ಲೆಕ್ಕಗಳಲ್ಲಿ, ದೇವನಾಗರಿಯಲ್ಲಿ, ಗುಜರಾತಿಯಲ್ಲಿ ಇದೇ ಗೀಟುಗಳಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಶಿಕ್ಷಕರು ಮರಾಠಿಯ ಹಳೆಯ ಕಾಗದಗಳಲ್ಲಿ ಇವನ್ನು ಕಂಡಿರಬಹುದು. ಗೀಟುಗಳ ಹಿಂದಿರುವುದು ನಾಲ್ಕರ ಲೆಕ್ಕ. ನಾಲ್ಕನೆಯ ಗೀಟು ಎಂಬುದೇ ಇಲ್ಲ, ಏಕೆಂದರೆ ನಾಲ್ಕು ಕಾಲು ಸೇರಿದರೆ ಅದು ಒಂದು. ಕಾಲಿಗಿಂತ ಚಿಕ್ಕದನ್ನು ಹೇಳಬೇಕಾದರೆ ಆ ಕಾಲನ್ನು ಮತ್ತೆ ನಾಲ್ಕಾಗಿ ಒಡೆದು ಹದಿನಾರನೆಯ ಒಂದು ಪಾಲು, ಅಂದರೆ ವೀಸ, ಎನ್ನುತ್ತಿದ್ದರು. ಅದಕ್ಕೆ ನಿಂತ ಗೀಟಿನ ಬದಲು ಅಡ್ಡ ಅಥವಾ ಓರೆ ಗೀಟು ಬಳಕೆಯಲ್ಲಿತ್ತು. ರೂಪಾಯಿಗೆ ಹದಿನಾರು ಆಣೆ ಇದ್ದುದೂ, ಸೇರಿಗೆ ಹದಿನಾರು ಚಟಾಕು ಇದ್ದುದೂ ಇದೇ ನಾಲ್ಕರ ಲೆಕ್ಕದಿಂದ.

ಕನ್ನಡದ ಮಾತಿನಲ್ಲಿ ಈ ಲೆಕ್ಕ ಇಂದಿಗೂ ಇದೆ. ಮುಕ್ಕಾಲು ಎಂದರೆ ಮೂರು ಕಾಲು. ಮೂರು ಗೀಟು ಆ ಪದದ ಚಿತ್ರವೇ ಆಗಿದೆ. ಆರನೆಯ ತರಗತಿಯ ಮಗುವಿಗೆ ¾ ಎಂಬುದರಲ್ಲಿ ಮೇಲಿನ ಮೂರು ಏನು, ಕೆಳಗಿನ ನಾಲ್ಕು ಏನು ಎಂದು ವಿವರಿಸುವುದು ಕಷ್ಟವಾದಾಗ, ಮುಕ್ಕಾಲು ಎಂಬ ಪದವನ್ನು ಬಿಡಿಸಿ ಮೂರು ಗೀಟು ಎಳೆದು ತೋರಿಸಿದರೆ ಅಂಶ ಯಾವುದೆಂದು ಕೂಡಲೇ ತಿಳಿಯುತ್ತದೆ. ಛೇದವಾದ ನಾಲ್ಕು ಗೀಟಿನಲ್ಲಿ ಕಾಣುವುದಿಲ್ಲ, ಅದು 'ಕಾಲು' ಎಂಬ ಮಾತಿನಲ್ಲಿ ಅಡಗಿದೆ. ¾ ಎಂದು ಬರೆಯುವಾಗ ಅಡಗಿದ್ದ ಆ ನಾಲ್ಕನ್ನು ಹೊರಗೆ ತಂದು ಗೆರೆಯ ಕೆಳಗೆ ಇಡುತ್ತೇವೆ ಎಂದು ಹೇಳಿಕೊಡಬಹುದು.

ಕನ್ನಡ ಅಂಕಿಗಳ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಅವಸರದ ಕೈಬರಹದಲ್ಲಿ ೧ ಪೂರ್ತಿ ಸುತ್ತಿಕೊಂಡರೆ ೦ ಆಗಿ ಕಾಣುತ್ತದೆ. ೬ ಮತ್ತು ೯ ಒಂದರಂತೆ ಒಂದು ಕಾಣುತ್ತವೆ. ಸಂಶಯವಿದ್ದಾಗ ಅದೇ ಕೈಯ ಬೇರೆ ಬರಹದಲ್ಲಿ, ದಿನಾಂಕದಲ್ಲೋ ಪುಟದ ಅಂಕಿಯಲ್ಲೋ, ಆ ಅಂಕಿ ಹೇಗಿದೆಯೆಂದು ಹೋಲಿಸಿ ನೋಡಬೇಕು.

ಒಂದೇ ಅಕ್ಷರ, ಎರಡು ಪದಾರ್ಥ

ಗೀಟುಗಳು ಬಿಡಿಸಿಕೊಂಡ ಮೇಲೆ ಅಕ್ಷರಗಳು ಉಳಿಯುತ್ತವೆ. ಅಡುಗೆಯ ಚೀಟಿ ಬರೆದವರು ತಮಗಾಗಿ ಬರೆದುಕೊಂಡರು. ಮೊದಲಕ್ಷರ ಹಾಕಿದರೆ ಸಾಕಾಗಿತ್ತು. ಕನ್ನಡದ ಅಡುಗೆಮನೆಯಲ್ಲಿ ಇದರಿಂದ ಒಂದು ತೊಡಕು ಹುಟ್ಟುತ್ತದೆ. 'ಉ.' ಎಂದರೆ ಉದ್ದೂ ಆಗಬಹುದು, ಉಪ್ಪೂ ಆಗಬಹುದು. 'ಬೆ.' ಎಂದರೆ ಬೆಣ್ಣೆ ಅಥವಾ ಬೆಲ್ಲ. 'ಎ.' ಎಂದರೆ ಎಳ್ಳು ಅಥವಾ ಎಣ್ಣೆ. 'ಮೆ.' ಎಂದರೆ ಮೆಣಸು ಅಥವಾ ಮೆಂತ್ಯ. ಅಳತೆಗಳಲ್ಲಿ 'ಚ.' ಎಂದರೆ ಚಮಚ ಅಥವಾ ಚಟಾಕು.

ಇವುಗಳಿಗೆ ಒಂದು ಪಟ್ಟಿ ಮಾಡಿ ಗೋಡೆಗೆ ಹಚ್ಚಿದರೆ ಪ್ರಯೋಜನವಿಲ್ಲ. ಯಾವ ಅಕ್ಷರ ಏನೆಂಬುದನ್ನು ಮೂರು ಆಧಾರಗಳಿಂದ ನಿರ್ಧರಿಸಬೇಕು: ತಿಂಡಿ ಯಾವುದು, ಪಕ್ಕದ ಅಳತೆ ಯಾವುದು, ಚೀಟಿಯ ಬೇರೆ ಕಡೆ ಅದೇ ಪದಾರ್ಥ ಹೇಗೆ ಬಂದಿದೆ.

ಚಕ್ಕುಲಿಗೆ ಬೆಲ್ಲ ಹಾಕುವುದಿಲ್ಲ. ಆದುದರಿಂದ 'ಬೆ.' ಬೆಣ್ಣೆ. ಎರಡು ಕಡೆ ಬಂದಿರುವ 'ಉ.' ಒಂದೇ ಪದಾರ್ಥವಾಗಿದ್ದರೆ ಎರಡು ಸಲ ಬರೆಯುವ ಕಾರಣವಿರಲಿಲ್ಲ. ಸೇರಿನಲ್ಲಿ ಅಳೆದದ್ದು ಕಾಳು, ಅದು ಉದ್ದಿನಬೇಳೆ. 'ಚ.' ಹಾಕಿ ಅಳೆದದ್ದು ಉಪ್ಪು. 'ಎ.' ಸ್ವಲ್ಪ ಯೋಚಿಸಬೇಕಾದದ್ದು. ಕರಿಯುವ ಎಣ್ಣೆಯನ್ನು ಯಾರೂ ಎರಡು ಚಮಚವೆಂದು ಬರೆಯುವುದಿಲ್ಲ. ಕಾಯಿಸಿದ ಎಣ್ಣೆಯನ್ನು ಹಿಟ್ಟಿಗೆ ಕಲಸುವ ರೂಢಿ ಕೆಲವು ಮನೆಗಳಲ್ಲಿದೆ, ಆದರೆ ಅದು ಬೆಣ್ಣೆಯ ಬದಲಿಗೆ. ಇಲ್ಲಿ ಬೆಣ್ಣೆ ಆಗಲೇ ಬಂದಿರುವುದರಿಂದ 'ಎ.' ಎಳ್ಳು ಎಂದು ತಿಳಿಯುವುದು ಯುಕ್ತ.

ಉಳಿದದ್ದು 'ಚ.' ಬೆಣ್ಣೆ ಎರಡು ಚಮಚವೋ ಎರಡು ಚಟಾಕೋ? ಇದನ್ನು ನಿರ್ಧರಿಸುವುದು ಅಂಚಿನ ಸಾಲು.

ಅಂಚು ಕೊಡುವ ಸಾಕ್ಷ್ಯ

ಅಂಚಿನ ಬರಹ ನಂತರ ಸೇರಿದ್ದು. ನಾಮಕರಣಕ್ಕೆ ಹೆಚ್ಚು ಚಕ್ಕುಲಿ ಬೇಕಾದಾಗ ಅಜ್ಜಿ ಒಂದು ಸೇರಿನ ಲೆಕ್ಕವನ್ನು ಮೂರು ಸೇರಿಗೆ ಏರಿಸಿ ಬದಿಯಲ್ಲಿ ಬರೆದುಕೊಂಡಿದ್ದಾರೆ. ಅಂದರೆ ಒಂದೇ ಚೀಟಿಯಲ್ಲಿ ಒಂದೇ ತಿಂಡಿಯ ಎರಡು ಲೆಕ್ಕಗಳಿವೆ. ಮೂರರಿಂದ ಗುಣಿಸಿದರೆ ಮೊದಲನೆಯದು ಎರಡನೆಯದಾಗಬೇಕು. ಹೀಗಾಗಿ ಒಂದು ಲೆಕ್ಕದ ಓದನ್ನು ಇನ್ನೊಂದರಿಂದ ಪರೀಕ್ಷಿಸಬಹುದು.

ಉದ್ದಿನ ಬೇಳೆಯಿಂದ ಆರಂಭಿಸಬಹುದು. ಒಂದು ಸೇರು ಅಕ್ಕಿಗೆ ೦। ಸೇರು. ಮೂರು ಸೇರಿಗೆ ೦॥। ಸೇರು. ಒಂದು ಗೀಟು ಮೂರು ಗೀಟಾಗಿದೆ. ಗೀಟು ಕಾಲನ್ನು ಸೂಚಿಸುತ್ತದೆ ಎಂಬುದು ಯಾವ ಪುಸ್ತಕವನ್ನೂ ನೋಡದೆ ಚೀಟಿಯಿಂದಲೇ ಸಿದ್ಧವಾಗುತ್ತದೆ, ಏಕೆಂದರೆ ಕಾಲರ ಮೂರರಷ್ಟು ಮುಕ್ಕಾಲು. ಹುಡುಗಿ ಓದಿದಂತೆ ಇದು 01 ಮತ್ತು 0111 ಆಗಿದ್ದರೆ ಒಂದರ ಮೂರರಷ್ಟು ನೂರ ಹನ್ನೊಂದಾಗಬೇಕಿತ್ತು.

ಮುಂದೆ ಬೆಣ್ಣೆ. ಒಂದು ಸೇರಿಗೆ ೨ ಚ. ಮೂರು ಸೇರಿಗೆ ೬ ಚ. ಆಗಬೇಕು. ಅಂಚಿನಲ್ಲಿ ಇರುವುದು ೧॥ ಪಾ., ಅಂದರೆ ಒಂದೂವರೆ ಪಾವು. ಆರು 'ಚ.'ಗಳು ಒಂದೂವರೆ ಪಾವಿಗೆ ಸಮವಾದರೆ ನಾಲ್ಕು 'ಚ.' ಒಂದು ಪಾವಿಗೆ ಸಮ. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಹಾಗಾಗಿ ಬೆಣ್ಣೆಯ 'ಚ.' ಚಟಾಕು ಎಂಬುದು ನಿಶ್ಚಯ. ನಾಲ್ಕು ಚಮಚಕ್ಕೆ ಯಾವ ಪಾವೂ ತುಂಬುವುದಿಲ್ಲ.

ಉಪ್ಪಿನ 'ಚ.' ಮಾತ್ರ ಚಟಾಕು ಅಲ್ಲ. ಎಂಬತ್ತು ತೊಲದ ಸೇರಿನ ಲೆಕ್ಕದಲ್ಲಿ ಚಟಾಕು ಐದು ತೊಲ, ಅಂದರೆ ಸುಮಾರು 58 ಗ್ರಾಂ. ಒಂದೂವರೆ ಚಟಾಕು ಉಪ್ಪು ಹಾಕಿದ ಒಂದು ಸೇರಿನ ಚಕ್ಕುಲಿಯನ್ನು ಬಾಯಿಗಿಡಲಾಗದು. ಊಟದ ಚಮಚದಲ್ಲಿ ಒಂದೂವರೆ ಎಂದರೆ ರುಚಿಗೆ ತಕ್ಕದ್ದಾಗುತ್ತದೆ. ಒಂದೇ ಚೀಟಿಯಲ್ಲಿ ಒಂದೇ ಅಕ್ಷರ ಎರಡು ಅಳತೆಗಳಿಗೆ ನಿಂತಿದೆ. ಬರೆದವರಿಗೆ ಗೊಂದಲವಿರಲಿಲ್ಲ, ಏಕೆಂದರೆ ಬೆಣ್ಣೆಯನ್ನು ಚಮಚದಲ್ಲಿ, ಉಪ್ಪನ್ನು ಚಟಾಕಿನಲ್ಲಿ ಅಳೆಯುವ ಯೋಚನೆಯೇ ಅವರಿಗೆ ಬಂದಿರಲಾರದು.

ಉಪ್ಪಿನ ಸಾಲಿನಲ್ಲಿ ಇನ್ನೊಂದು ವಿಶೇಷವಿದೆ. ಒಂದೂವರೆಯ ಮೂರರಷ್ಟು ನಾಲ್ಕೂವರೆ. ಅಂಚಿನಲ್ಲಿರುವುದು ನಾಲ್ಕು. ಶಿಕ್ಷಕರ ಕೆಂಪು ಶಾಯಿ ಇಲ್ಲಿಗೂ ಬರಬಹುದು, ಆದರೆ ಬರಬಾರದು. ಹೆಚ್ಚಾದ ಉಪ್ಪನ್ನು ತೆಗೆಯಲಾಗದು ಎಂದು ತಿಳಿದ ಕೈ ದೊಡ್ಡ ಅಡುಗೆಯಲ್ಲಿ ಸ್ವಲ್ಪ ಹಿಡಿದು ಹಾಕುತ್ತದೆ. ಉದ್ದು, ಬೆಣ್ಣೆಗಳು ನಿಖರವಾಗಿ ಮೂರರಷ್ಟಾಗಿ ಉಪ್ಪು ಮಾತ್ರ ಕಡಿಮೆಯಾಗಿರುವುದರಿಂದ ಇದು ಗುಣಾಕಾರದ ತಪ್ಪಾಗಿರುವ ಸಂಭವ ಕಡಿಮೆ. ಲೆಕ್ಕದ ಉತ್ತರ ನಾಲ್ಕೂವರೆ, ಅಡುಗೆಯ ಉತ್ತರ ನಾಲ್ಕು ಎಂದು ಎರಡನ್ನೂ ಹಲಗೆಯ ಮೇಲೆ ಬರೆದು, ವ್ಯತ್ಯಾಸಕ್ಕೆ ಕಾರಣವೇನಿರಬಹುದು ಎಂದು ಮಕ್ಕಳನ್ನೇ ಕೇಳುವುದು ಉತ್ತಮ.

ಕೊನೆಯ ಸಾಲು ಇಂಗಿನದು: ಇಂ. ೪ ಆ. 'ಆ.' ಎಂದರೆ ಆಣೆ. ಆದರೆ ನಾಲ್ಕಾಣೆ ತೂಕದ ಇಂಗೋ, ನಾಲ್ಕಾಣೆ ಬೆಲೆಯ ಇಂಗೋ? ಬೆಳ್ಳಿಯ ರೂಪಾಯಿ ನಾಣ್ಯ ಒಂದು ತೊಲ ತೂಗುತ್ತಿತ್ತು, ಅಂದರೆ 11.66 ಗ್ರಾಂ. ಮನೆಗಳಲ್ಲಿ ಚಿಕ್ಕ ತೂಕಗಳಿಗೆ ನಾಣ್ಯವೇ ತೂಕದ ಬೊಟ್ಟು. ನಾಲ್ಕಾಣೆ ತೂಕವೆಂದರೆ ಕಾಲು ತೊಲ, ಸುಮಾರು 3 ಗ್ರಾಂ. ಒಂದು ಸೇರಿನ ಚಕ್ಕುಲಿಗೆ ಅದು ಹೊಂದುತ್ತದೆ. ಬೆಲೆಯೆಂದು ಓದಿದರೂ ಅರ್ಥ ಕೆಡುವುದಿಲ್ಲ, ಇಂಗನ್ನು ಚೂರು ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಅಂಚಿನ ಸಾಲಿನಲ್ಲಿ ಇಂಗಿನ ಮಾತಿಲ್ಲದಿರುವುದರಿಂದ ಪರೀಕ್ಷಿಸುವ ದಾರಿಯೂ ಇಲ್ಲ. ಇಂಥಲ್ಲಿ ಎರಡು ಅರ್ಥಗಳನ್ನೂ ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿ ಬಿಡಬೇಕು. ಮನೆಯಲ್ಲಿ ಕೇಳಿ ತಿಳಿಯಬೇಕಾದ ಪ್ರಶ್ನೆಯನ್ನು ಶಾಲೆಯಲ್ಲಿ ಊಹಿಸಿ ಮುಗಿಸಬಾರದು.

ಕಿಲೋಗ್ರಾಮಿಗಿಂತ ಮೊದಲು ಅನುಪಾತ

ಈ ಹಂತದಲ್ಲಿ ಎಲ್ಲವನ್ನೂ ಗ್ರಾಮಿಗೆ ತರುವ ಆತುರ ಸಹಜ. ಆದರೆ ಮೊದಲು ಮಾಡಬೇಕಾದದ್ದು ಎಲ್ಲವನ್ನೂ ಚೀಟಿಯ ಒಂದೇ ಅಳತೆಗೆ ತರುವುದು. ಒಂದು ಸೇರು ಅಕ್ಕಿ ನಾಲ್ಕು ಪಾವು. ಕಾಲು ಸೇರು ಉದ್ದಿನಬೇಳೆ ಒಂದು ಪಾವು. ಎರಡು ಚಟಾಕು ಬೆಣ್ಣೆ ಅರ್ಧ ಪಾವು. ಅಂದರೆ 4 : 1 : ½. ಚಕ್ಕುಲಿ ಮಾಡುವ ಯಾರನ್ನು ಕೇಳಿದರೂ ನಾಲ್ಕಕ್ಕೊಂದು ಉದ್ದು ಎಂಬ ಮಾತು ಬರುತ್ತದೆ. ಚೀಟಿಯ ಓದು ಸರಿಯಾಗಿದೆ ಎಂಬುದಕ್ಕೆ ಇದೊಂದು ಹೊರಗಿನ ಸಾಕ್ಷಿ. ಈಗ ಪಾವು ಎಷ್ಟು ಗ್ರಾಂ ಎಂಬ ಪ್ರಶ್ನೆ ಇಲ್ಲದೆಯೇ, ಮನೆಯಲ್ಲಿರುವ ಯಾವ ಲೋಟದಿಂದಾದರೂ ನಾಲ್ಕು, ಒಂದು, ಅರ್ಧ ಎಂದು ಅಳೆದು ಚಕ್ಕುಲಿ ಮಾಡಬಹುದು.

ತಪ್ಪಾಗಿ ಓದಿದ್ದರೆ ಏನಾಗುತ್ತಿತ್ತೆಂಬುದನ್ನೂ ಮಕ್ಕಳಿಗೆ ಹೇಳಬೇಕು, ಏಕೆಂದರೆ ಲೆಕ್ಕದ ತಪ್ಪು ಇಲ್ಲಿ ಕೈಗೆ ಸಿಗುವಂತಿರುತ್ತದೆ. ಬೆಣ್ಣೆ ಎರಡು ಚಮಚವೆಂದು ಓದಿದರೆ ಬೇಕಾದದ್ದರ ಕಾಲು ಭಾಗದಷ್ಟೇ ಬೀಳುತ್ತದೆ, ಚಕ್ಕುಲಿ ಕಲ್ಲಿನಂತಾಗಿ ಹಲ್ಲಿಗೆ ಜಗ್ಗುವುದಿಲ್ಲ. ಬೆಣ್ಣೆ ಮಿತಿಮೀರಿದರೆ ಒತ್ತುವಾಗಲೇ ಎಳೆ ತುಂಡಾಗುತ್ತದೆ, ಎಣ್ಣೆಗೆ ಬಿಟ್ಟಾಗ ಬಿಚ್ಚಿ ಪುಡಿಯಾಗುತ್ತದೆ. ಉದ್ದನ್ನು ಅಕ್ಕಿಯಷ್ಟೇ ಹಾಕಿದರೆ ಗರಿಗರಿತನ ಹೋಗಿ ಮೆತ್ತಗಾಗುತ್ತದೆ.

ಒಂದು ಮನೆ, ಎರಡು ಸೇರು

ಗ್ರಾಮಿಗೆ ತರುವ ಆತುರ ಏಕೆ ಅಪಾಯಕರ ಎಂಬುದಕ್ಕೆ ಅದೇ ಮನೆಯ ಇನ್ನೊಂದು ಚೀಟಿಯನ್ನು ಕಲ್ಪಿಸಿಕೊಳ್ಳಬಹುದು. ಅದು ಹೋಳಿಗೆಯದು. ಅದರಲ್ಲಿರುವುದು: ಕ. ಬೇ. ೧ ಸೇ., ಬೆ. ೩ ಸೇ. ಕಡಲೆಬೇಳೆ ಒಂದು ಸೇರು, ಬೆಲ್ಲ ಮೂರು ಸೇರು. ಹೋಳಿಗೆ ಮಾಡುವವರು ಬೇಳೆಯಷ್ಟೇ ಬೆಲ್ಲ, ಇಲ್ಲವೆ ಸ್ವಲ್ಪ ಹೆಚ್ಚುಕಡಿಮೆ, ಹಾಕುತ್ತಾರೆ. ಮೂರರಷ್ಟು ಬೆಲ್ಲ ಹಾಕಿದರೆ ಹೂರಣ ಪಾಕವಾಗಿ ಹರಿಯುತ್ತದೆ, ಉಂಡೆ ಕಟ್ಟಲು ಬರುವುದಿಲ್ಲ. ಹಾಗಾದರೆ ಅಜ್ಜಿ ತಪ್ಪಿದರೇ?

ತಪ್ಪಲಿಲ್ಲ. ಬೇಳೆಯನ್ನು ಅಳೆಯುವ ಸೇರು ಪಾತ್ರೆ, ಬೆಲ್ಲವನ್ನು ತೂಗುವ ಸೇರು ಬೊಟ್ಟು. ಹೆಸರು ಒಂದೇ, ವಸ್ತು ಬೇರೆ. ಮಡಕಶಿರವು ಹಿಂದೆ ಸೇರಿದ್ದ ಮದರಾಸು ಪ್ರಾಂತದ ತೂಕದಲ್ಲಿ ಮೂರು ತೊಲಕ್ಕೆ ಒಂದು ಪಲ, ಎಂಟು ಪಲಕ್ಕೆ ಒಂದು ಸೇರು, ಐದು ಸೇರಿಗೆ ಒಂದು ವೀಸೆ. ಅಂದರೆ ತೂಕದ ಸೇರು 24 ತೊಲ, ಸುಮಾರು 280 ಗ್ರಾಂ. ಮೂರು ಸೇರು ಬೆಲ್ಲ ಸುಮಾರು 840 ಗ್ರಾಂ. ಅಳತೆಯ ಒಂದು ಸೇರು ಬೇಳೆ ಊರಿಂದೂರಿಗೆ ಬದಲಾದರೂ ಒಂದು ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಬೇಳೆಗೆ ಹೆಚ್ಚುಕಡಿಮೆ ಸಮನಾದ ಬೆಲ್ಲವೇ ಬಿದ್ದಿದೆ.

ಅದೇ 'ಸೇ.' ಸೊಲ್ಲಾಪುರದ ಕಡೆಯ ಅಥವಾ ಹಿಂದಿನ ಹೈದರಾಬಾದು ಸಂಸ್ಥಾನದ ಊರಿನ ಚೀಟಿಯಲ್ಲಿ ಬಂದರೆ 24 ತೊಲವೆಂದು ಹಿಡಿಯುವಂತಿಲ್ಲ. ಎಂಬತ್ತು ತೊಲದ ಸೇರು ಸುಮಾರು 933 ಗ್ರಾಂ, ಅದರ ಮೂರರಷ್ಟಕ್ಕಿಂತ ಹೆಚ್ಚು. ವೀಸೆ ಎಂಬುದನ್ನೂ ಎಚ್ಚರದಿಂದ ಓದಬೇಕು. ವೀಸ ಎಂದರೆ ಹದಿನಾರರ ಒಂದು ಪಾಲು, ವೀಸೆ ಎಂದರೆ ಸುಮಾರು 1.4 ಕಿಲೋಗ್ರಾಂ ತೂಕ. 'ವೀ.' ಎಂಬ ಒಂದೇ ಅಕ್ಷರ ಎರಡನ್ನೂ ಸೂಚಿಸಬಹುದು.

ಬೇರೆ ಗಡಿಗಳಲ್ಲಿ ನೆರೆಭಾಷೆಯ ಅಳತೆಗಳು ಕನ್ನಡ ಅಕ್ಷರದಲ್ಲಿ ಬರುತ್ತವೆ. ಕಾಸರಗೋಡು, ವಯನಾಡುಗಳ ಚೀಟಿಯಲ್ಲಿ 'ನಾ.' ಎಂದಿದ್ದರೆ ಅದು ನಾಳಿ ಆಗಿರಬಹುದು, ನಾಲ್ಕು ನಾಳಿಗೆ ಒಂದು ಇಡಂಗಳಿ. ತಾಳವಾಡಿ, ಹೊಸೂರುಗಳಲ್ಲಿ 'ಪ.' ಎಂದರೆ ಪಾವಲ್ಲದೆ ಪಡಿಯೂ ಆಗಬಹುದು, ಎಂಟು ಆಳಾಕ್ಕಿಗೆ ಒಂದು ಪಡಿ. ಸೊಲ್ಲಾಪುರ, ಜತ್ತಿನ ಕಡೆ 'ಚಿ.' ಎಂದರೆ ಚಿಟಿಕೆಯಲ್ಲದೆ ಚಿಪಟೆಯೂ ಇರಬಹುದು, ನಾಲ್ಕು ಚಿಪಟೆಗೆ ಒಂದು ಶೇರು. ಚಿಟಿಕೆ ಮತ್ತು ಕಾಲು ಸೇರಿನ ನಡುವಿನ ಅಂತರ ಎಷ್ಟೆಂದು ಹೇಳಬೇಕಾಗಿಲ್ಲ. ಮದುವೆಯಾಗಿ ಬಂದವರು ತವರಿನ ಅಳತೆಯನ್ನೇ ಬರೆಯುತ್ತಿದ್ದುದೂ ಉಂಟು. ಆದುದರಿಂದ ಚೀಟಿ ಎಲ್ಲಿ ಸಿಕ್ಕಿತು ಎಂಬುದಕ್ಕಿಂತ ಬರೆದವರು ಎಲ್ಲಿ ಅಡುಗೆ ಕಲಿತರು ಎಂಬ ಪ್ರಶ್ನೆ ಮುಖ್ಯ.

ಕಾಲವನ್ನೂ ಗಮನಿಸಬೇಕು. ರಾಜ್ಯಗಳ ಮರುವಿಂಗಡಣೆಯಾದ 1956ರಲ್ಲಿಯೇ ಮೆಟ್ರಿಕ್ ಅಳತೆಗಳ ಕಾಯಿದೆಯೂ ಬಂದಿತು. 1957ರ ಏಪ್ರಿಲಿನಲ್ಲಿ ರೂಪಾಯಿಗೆ ನೂರು ಪೈಸೆಯಾಯಿತು. 1958ರಿಂದ ಹಂತಹಂತವಾಗಿ ಅಂಗಡಿಗಳಲ್ಲಿ ಕಿಲೋಗ್ರಾಂ ಬಂದಿತು. ಅಡುಗೆಮನೆ ಅಷ್ಟು ಬೇಗ ಬದಲಾಗಲಿಲ್ಲ. ಹೀಗಾಗಿ ಅನೇಕ ಚೀಟಿಗಳಲ್ಲಿ ಸೇರಿನ ಪಕ್ಕದಲ್ಲಿ ಮಗಳೋ ಸೊಸೆಯೋ ನಂತರ ಗ್ರಾಮಿನ ಅಂಕಿ ತುರುಕಿರುತ್ತಾರೆ. ಈ ಎರಡನೆಯ ಕೈಬರಹ ಉಪಯುಕ್ತ, ಆದರೆ ಕಣ್ಣು ಮುಚ್ಚಿ ನಂಬುವಂಥದ್ದಲ್ಲ. ಎಲ್ಲ ಸೇರನ್ನೂ ಒಂದು ಕಿಲೋ ಎಂದು ಬರೆದಿಟ್ಟ ಚೀಟಿಯಲ್ಲಿ ಅಳತೆಯ ಬೇಳೆ ಸರಿಯಾಗಿಯೂ ತೂಕದ ಬೆಲ್ಲ ಮೂರರಷ್ಟಾಗಿಯೂ ಇರಬಲ್ಲದು. ಅನುಪಾತವನ್ನು ಮೊದಲು ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ.

ತರಗತಿಯಲ್ಲಿ

ತರಗತಿಯಲ್ಲಿ ಇದನ್ನು ಎರಡು ಅವಧಿಗಳಲ್ಲಿ ಮಾಡಬಹುದು. ಮೂಲ ಚೀಟಿಯನ್ನು ಶಾಲೆಗೆ ತರಿಸಬಾರದು. ಅದು ಮನೆಯಲ್ಲಿಯೇ ಇರಲಿ, ಮಗು ನಕಲು ತರಲಿ. ನಕಲು ಮಾಡುವಾಗ ಒಂದೇ ನಿಯಮ: ಇದ್ದದ್ದು ಇದ್ದಂತೆ, ಇದ್ದ ಸ್ಥಳದಲ್ಲಿಯೇ. ಅಂಚಿನದನ್ನು ಅಂಚಿನಲ್ಲಿ, ಹೊಡೆದುಹಾಕಿದ್ದನ್ನು ಹೊಡೆದುಹಾಕಿದಂತೆ, ಗೀಟನ್ನು ಗೀಟಾಗಿ. ಅರ್ಥವಾಗದ ಗುರುತನ್ನು ಚಿತ್ರದಂತೆ ಬಿಡಿಸಿ ತರಲಿ. ಎರಡು ಶಾಯಿ ಅಥವಾ ಎರಡು ಕೈಬರಹವಿದ್ದರೆ ಒಂದನ್ನು ಪೆನ್ನಿನಲ್ಲಿ, ಇನ್ನೊಂದನ್ನು ಪೆನ್ಸಿಲಿನಲ್ಲಿ ಬರೆಯಲಿ.

ಮೊದಲ ಅವಧಿ ಭಾಷೆಯದು. ನಕಲಿನ ಪಕ್ಕದಲ್ಲಿ ಎರಡನೆಯ ಕಾಲಮು ಹಾಕಿ, ಪ್ರತಿ ಅಕ್ಷರಕ್ಕೆ ಸಾಧ್ಯವಿರುವ ಪದಗಳನ್ನೆಲ್ಲ ಮಕ್ಕಳು ಬರೆಯಬೇಕು. ನಿರ್ಧರಿಸಿದ್ದನ್ನು ಉಳಿಸಿ ಉಳಿದದ್ದನ್ನು ಹೊಡೆಯಬೇಕು, ಹೊಡೆದದ್ದಕ್ಕೆ ಕಾರಣ ಒಂದು ವಾಕ್ಯದಲ್ಲಿ ಹೇಳಬೇಕು. "ಚಕ್ಕುಲಿಗೆ ಬೆಲ್ಲ ಹಾಕುವುದಿಲ್ಲ, ಆದುದರಿಂದ ಇದು ಬೆಣ್ಣೆ" ಎಂಬಂಥ ವಾಕ್ಯ ರಚನೆಯೇ ಆ ದಿನದ ಬರವಣಿಗೆ. ಎರಡನೆಯ ಅವಧಿ ಗಣಿತದ್ದು. ಗೀಟುಗಳನ್ನು ಭಿನ್ನರಾಶಿಯಾಗಿ ಬರೆದು, ಎಲ್ಲವನ್ನೂ ಒಂದೇ ಅಳತೆಗೆ ತಂದು, ಅನುಪಾತ ಕಂಡುಹಿಡಿದು, ಅಂಚಿನ ಲೆಕ್ಕವಿದ್ದರೆ ಅದರಿಂದ ಪರೀಕ್ಷಿಸಬೇಕು. ಉಳಿದ ಪ್ರಶ್ನೆಗಳನ್ನು ಮಗು ಮನೆಗೆ ಒಯ್ಯಬೇಕು. "ಅಜ್ಜೀ, ಈ ನಾಲ್ಕಾಣೆ ತೂಕವೋ, ಬೆಲೆಯೋ?" ಎಂದು ಕೇಳುವ ಮೊಮ್ಮಗಳಿಗೆ ಒಂದು ಅಕ್ಷರದ ಉತ್ತರಕ್ಕಿಂತ ಹೆಚ್ಚಿನದು ಸಿಗುತ್ತದೆ.

ಎಲ್ಲ ಮನೆಗಳಲ್ಲಿ ಚೀಟಿ ಇರುವುದಿಲ್ಲ. ಬರೆಯಲು ಅವಕಾಶವಾಗದ ಅಜ್ಜಿಯರೂ ಅಷ್ಟೇ ನಿಖರವಾಗಿ ಅಳೆದವರು. ಅಂಥ ಮನೆಯ ಮಗು ಹಿಡಿ, ಚಿಟಿಕೆ, ಬೊಗಸೆ ಎಂದು ಕೇಳಿದ್ದನ್ನು ತಾನೇ ಬರೆದು ತರಲಿ. ಒಂದು ಹಿಡಿ ಬೇಳೆಯನ್ನು ಐದು ಸಲ ಅಳೆದು ಲೋಟದಲ್ಲಿ ಎಷ್ಟಾಯಿತೆಂದು ನೋಡಿದರೆ ಅದಕ್ಕೂ ಒಂದು ಅನುಪಾತ ಸಿಗುತ್ತದೆ. ಆ ಮನೆಯ ಮೊದಲ ಚೀಟಿ ಆ ಮಗುವಿನ ಕೈಬರಹದ್ದೇ ಆಗುತ್ತದೆ.

ಆರಂಭದ ಹುಡುಗಿಯ ಪುಸ್ತಕಕ್ಕೆ ಮರಳುವುದಾದರೆ, ಕೆಂಪು ಶಾಯಿಯ ಕೆಳಗೆ ಈಗ ಹೊಸದಾಗಿ ಬರೆಯಬೇಕಾದದ್ದು ಇಷ್ಟು: ಅಕ್ಕಿ ಒಂದು ಸೇರು, ಉದ್ದಿನಬೇಳೆ ಕಾಲು ಸೇರು, ಬೆಣ್ಣೆ ಎರಡು ಚಟಾಕು, ಎಳ್ಳು ಎರಡು ಚಮಚ, ಉಪ್ಪು ಒಂದೂವರೆ ಚಮಚ, ಇಂಗು ನಾಲ್ಕಾಣೆ, ಅದರ ಪಕ್ಕ ಒಂದು ಪ್ರಶ್ನೆಯ ಗುರುತು. ಅದನ್ನು ಆ ಹುಡುಗಿಯೇ ಎದ್ದು ನಿಂತು ಇನ್ನೊಮ್ಮೆ ಓದಲಿ. ಹಿಂದೆ ನಕ್ಕ ತರಗತಿಯೇ ಅದನ್ನು ಕೇಳಲಿ.